ನೋಟ್ಸ್‌ನಲ್ಲಿ ತಪ್ಪು ಸಿಕ್ಕಾಗ ತರಗತಿಗೆ ಬರೆಯುವ ಪತ್ರ

ಅರವತ್ತು ಉತ್ತರಪತ್ರಿಕೆಗಳಲ್ಲಿ ಅರವತ್ತು ಬಗೆಯ ತಪ್ಪುಗಳಿದ್ದರೆ ತಿದ್ದುವವರು ಆಶ್ಚರ್ಯಪಡುವುದಿಲ್ಲ. ಒಬ್ಬರು ಸೂತ್ರ ಮರೆತಿರುತ್ತಾರೆ, ಇನ್ನೊಬ್ಬರು ಸೆಂಟಿಮೀಟರನ್ನು ಮೀಟರಿಗೆ ಬದಲಿಸಿರುವುದಿಲ್ಲ, ಮತ್ತೊಬ್ಬರ ಗುಣಾಕಾರ ಎಡವಿರುತ್ತದೆ. ಆದರೆ ತರಗತಿಯ ಅರ್ಧದಷ್ಟು ಜನ, ಅದರಲ್ಲೂ ಪ್ರತಿ ಸಲ ಚೆನ್ನಾಗಿ ಬರೆಯುವವರೇ, ಒಂದು ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದರೆ ಪೆನ್ನು ಕೆಳಗಿಟ್ಟು ಯೋಚಿಸಬೇಕು. ಬೇರೆ ಬೇರೆ ತಲೆಗಳು ತಾವಾಗಿಯೇ ಒಂದೇ ತಪ್ಪಿಗೆ ಬಂದು ಸೇರುವುದು ಅಪರೂಪ. ಅವರೆಲ್ಲ ಓದಿದ ಮೂಲವೇ ಹಾಗೆ ಹೇಳಿರುವ ಸಂಭವ ಹೆಚ್ಚು.

ಈ ಸುಳಿವು ಮೊದಲು ಸಿಗುವುದು ಸಾಮಾನ್ಯವಾಗಿ ಪ್ರಾಧ್ಯಾಪಕರಿಗಲ್ಲ, ಟೀಚಿಂಗ್ ಅಸಿಸ್ಟೆಂಟ್‌ಗೆ. ಐಐಟಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಎಲ್ಲರೂ ಚಿಕ್ಕದಾಗಿ ‘ಟಿಎ’ ಎನ್ನುವ ಇವರು ಹೆಚ್ಚಾಗಿ ಸ್ನಾತಕೋತ್ತರ ಅಥವಾ ಪಿಎಚ್‌ಡಿ ವಿದ್ಯಾರ್ಥಿಗಳು. ಪಾಠ ಪ್ರಾಧ್ಯಾಪಕರದ್ದು. ಟ್ಯುಟೋರಿಯಲ್ ನಡೆಸುವುದು, ಅಸೈನ್‌ಮೆಂಟ್ ತಿದ್ದುವುದು, ಸಂದೇಹಗಳಿಗೆ ಉತ್ತರ ಹೇಳುವುದು ಟಿಎ ಕೆಲಸ. ತರಗತಿಗೆಲ್ಲ ಹಂಚಿದ ನೋಟ್ಸ್‌ನಲ್ಲಿ ತಪ್ಪು ಕಂಡರೆ ಅದನ್ನು ತಿಳಿಸುವ ಪತ್ರ ಬರೆಯುವ ಹೊಣೆಯೂ ಬಹುಮಟ್ಟಿಗೆ ಇವರ ಮೇಲೆಯೇ ಬೀಳುತ್ತದೆ.

ಆ ಪತ್ರವನ್ನು ಎರಡು ಸಾಲಿನಲ್ಲಿ ಮುಗಿಸುವವರಿದ್ದಾರೆ: ‘ನೋಟ್ಸ್ ಪರಿಷ್ಕರಿಸಲಾಗಿದೆ, ಹೊಸ ಪ್ರತಿ ಇಳಿಸಿಕೊಳ್ಳಿ.’ ಇದರಿಂದ ಫೈಲ್ ಸರಿಯಾಗುತ್ತದೆ. ಆದರೆ ಅಷ್ಟರೊಳಗೆ ತಪ್ಪು ಫೈಲಿನಿಂದ ಹೊರಬಿದ್ದು ವಿದ್ಯಾರ್ಥಿಗಳ ತಿಳಿವಳಿಕೆಗೆ, ಅವರು ಬಿಡಿಸಿದ ಲೆಕ್ಕಗಳಿಗೆ, ಮುಂದಿನ ಅಧ್ಯಾಯಗಳಿಗೆ ಸೇರಿಕೊಂಡಿರುತ್ತದೆ. ಅಲ್ಲಿಂದಲೂ ಅದನ್ನು ತೆಗೆಯಬಲ್ಲ ಪತ್ರವೇ ಒಳ್ಳೆಯ ತಿದ್ದುಪಡಿ ಪತ್ರ. ಅದು ಹೇಗಿರುತ್ತದೆ ಎಂಬುದನ್ನು ಭೌತಶಾಸ್ತ್ರದ ಒಂದೇ ಒಂದು ವಾಕ್ಯವನ್ನು ಹಿಡಿದು ನೋಡೋಣ. ಈ ವಾಕ್ಯದ ತಪ್ಪು ಎಂಥ ದೊಡ್ಡವರ ಪುಸ್ತಕದಲ್ಲೂ ನುಸುಳಿತ್ತು ಎಂಬುದು ದಾಖಲಾಗಿರುವ ಸಂಗತಿ.

ಲೋಹದ ಗೋಳದ ಒಳಗೆ ಮತ್ತು ಹೊರಗೆ

ಸ್ಥಿರವಿದ್ಯುತ್ತಿನ ಪಾಠದಲ್ಲಿ ‘ರಕ್ಷಾಕವಚ’ದ ವಿಷಯ ಬರುತ್ತದೆ. ಸುತ್ತಲೂ ಮುಚ್ಚಿದ ಲೋಹದ ಪೆಟ್ಟಿಗೆಯ ಹೊರಗೆ ಎಷ್ಟೇ ವಿದ್ಯುದಾವೇಶವಿದ್ದರೂ ಒಳಗಿನ ಖಾಲಿ ಜಾಗದಲ್ಲಿ ಅದರ ವಿದ್ಯುತ್ ಕ್ಷೇತ್ರ ಇರುವುದಿಲ್ಲ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಹೊದಿಕೆಯಿರುವ ಕೋಣೆಯಂಥ ಪೆಟ್ಟಿಗೆ ಕಟ್ಟಿಸಿ ಇದನ್ನು ತೋರಿಸಿದ್ದರು. ಮಿಂಚು ಬಡಿದಾಗ ಕಾರಿನೊಳಗೆ ಕುಳಿತವರು ಸುರಕ್ಷಿತವಾಗಿರುವುದರ ಹಿಂದಿನ ತತ್ವವೂ ಇದೇ.

ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ನೋಟ್ಸ್ ಹೀಗೆ ಹೇಳುತ್ತದೆ ಎಂದುಕೊಳ್ಳಿ: ‘ಅದೇ ರೀತಿ, ಮುಚ್ಚಿದ ವಾಹಕದ ಒಳಗಿರುವ ಆವೇಶವು ಹೊರಗೆ ಯಾವ ಕ್ಷೇತ್ರವನ್ನೂ ಉಂಟುಮಾಡಲಾರದು.’ ಓದಲು ಸಮಂಜಸವಾಗಿಯೇ ಇದೆ. ಹೊರಗಿನದು ಒಳಗೆ ಬಾರದಿದ್ದರೆ ಒಳಗಿನದು ಹೊರಗೆ ಹೋಗದು ಎನ್ನುವುದರಲ್ಲಿ ಒಂದು ಸೊಗಸಾದ ಸಮತೋಲ ಕಾಣುತ್ತದೆ. ಆದರೆ ವಾಕ್ಯ ತಪ್ಪು.

ಲೋಹದ ಟೊಳ್ಳು ಗೋಳವೊಂದರ ಒಳಗೆ, ಗೋಡೆಗೆ ತಾಗದಂತೆ, ಧನ ಆವೇಶವಿರುವ ಚಿಕ್ಕ ಗುಂಡನ್ನು ಇಟ್ಟಿದ್ದೇವೆ ಎನ್ನೋಣ. ಲೋಹದಲ್ಲಿ ಸುಲಭವಾಗಿ ಓಡಾಡುವ ಎಲೆಕ್ಟ್ರಾನುಗಳು ಋಣ ಆವೇಶದವು. ಗುಂಡು ಅವನ್ನು ತನ್ನತ್ತ ಸೆಳೆಯುತ್ತದೆ. ಗೋಳದ ಒಳಮೈ ಮೇಲೆ ಗುಂಡಿನಷ್ಟೇ ಪ್ರಮಾಣದ ಋಣ ಆವೇಶ ಬಂದು ನಿಲ್ಲುತ್ತದೆ. ಗೋಳಕ್ಕೆ ನಾವು ಹೊರಗಿನಿಂದ ಏನನ್ನೂ ಕೊಟ್ಟಿಲ್ಲ, ಅದರಿಂದ ಏನನ್ನೂ ತೆಗೆದಿಲ್ಲ. ಆದ್ದರಿಂದ ಒಳಮೈಗೆ ಎಷ್ಟು ಎಲೆಕ್ಟ್ರಾನುಗಳು ಬಂದವೋ ಅಷ್ಟು ಹೊರಮೈಯಲ್ಲಿ ಕಡಿಮೆಯಾಗಿರಲೇಬೇಕು. ಅಂದರೆ ಹೊರಮೈ ಮೇಲೆ ಗುಂಡಿನಷ್ಟೇ ಧನ ಆವೇಶ ಉಳಿಯುತ್ತದೆ, ಆ ಆವೇಶದ ಕ್ಷೇತ್ರ ಹೊರಗೆ ಹರಡುತ್ತದೆ.

ಗಾಸ್ ನಿಯಮ ಇದನ್ನೇ ಒಂದೇ ಏಟಿಗೆ ಹೇಳುತ್ತದೆ. ಯಾವುದೇ ಮುಚ್ಚಿದ ಮೇಲ್ಮೈಯನ್ನು ದಾಟಿ ಹೊರಬರುವ ಒಟ್ಟು ಕ್ಷೇತ್ರ ಅದರೊಳಗಿನ ಒಟ್ಟು ಆವೇಶಕ್ಕೆ ತಕ್ಕಂತಿರುತ್ತದೆ. ಗೋಳವನ್ನೂ ಗುಂಡನ್ನೂ ಒಳಗೊಳ್ಳುವ ಒಂದು ದೊಡ್ಡ ಮೇಲ್ಮೈಯನ್ನು ಕಲ್ಪಿಸಿಕೊಂಡರೆ ಒಳಗಿರುವ ಒಟ್ಟು ಆವೇಶ ಗುಂಡಿನದ್ದು. ಅದು ಸೊನ್ನೆಯಲ್ಲ, ಹಾಗಾಗಿ ಹೊರಗಿನ ಕ್ಷೇತ್ರವೂ ಸೊನ್ನೆಯಾಗಲಾರದು.

ಹಾಗಾದರೆ ನೋಟ್ಸ್‌ನ ವಾಕ್ಯ ಯಾವಾಗ ನಿಜ? ಗೋಳವನ್ನು ಅರ್ಥಿಂಗ್ ಮಾಡಿದಾಗ. ಆಗ ಭೂಮಿಯಿಂದ ಎಲೆಕ್ಟ್ರಾನುಗಳು ತಂತಿಯ ಮೂಲಕ ಬಂದು ಹೊರಮೈಯ ಧನ ಆವೇಶವನ್ನು ಅಳಿಸಿಹಾಕುತ್ತವೆ. ಗುಂಡಿನ ಧನ ಆವೇಶ, ಒಳಮೈಯ ಋಣ ಆವೇಶ ಎರಡು ಮಾತ್ರ ಉಳಿದು ಒಟ್ಟು ಸೊನ್ನೆಯಾಗುತ್ತದೆ. ‘ಮುಚ್ಚಿದ ವಾಹಕ’ ಎಂದಿದ್ದಲ್ಲಿ ‘ಅರ್ಥಿಂಗ್ ಮಾಡಿದ ಮುಚ್ಚಿದ ವಾಹಕ’ ಎಂದಿರಬೇಕಿತ್ತು.

ಇದನ್ನು ಪ್ರಯೋಗದಿಂದಲೂ ತೋರಿಸಬಹುದು. 1843ರಲ್ಲಿ ಫ್ಯಾರಡೆ ಮಂಜುಗಡ್ಡೆ ಇಡುವ ಲೋಹದ ಬಕೆಟ್ಟೊಂದನ್ನು ನೆಲಕ್ಕೆ ವಿದ್ಯುತ್ ಹರಿಯದಂತೆ ನಿಲ್ಲಿಸಿ, ಆವೇಶ ತುಂಬಿದ ಲೋಹದ ಗುಂಡನ್ನು ರೇಷ್ಮೆ ದಾರದಲ್ಲಿ ಅದರೊಳಗೆ ಇಳಿಸಿದರು. ಬಕೆಟ್ಟಿನ ಹೊರಮೈಗೆ ಜೋಡಿಸಿದ್ದ ವಿದ್ಯುದ್ದರ್ಶಕದ ಹಾಳೆಗಳು ಅಗಲಿ ನಿಂತವು. ಗುಂಡು ಆಳಕ್ಕೆ ಇಳಿದ ಮೇಲೆ ಅದನ್ನು ಒಳಗೆ ಅತ್ತಿತ್ತ ಸರಿಸಿದರೂ ಹಾಳೆಗಳು ಕದಲಲಿಲ್ಲ. ಒಳಗಿನ ಆವೇಶದ ಸುದ್ದಿ ಹೊರಗೆ ತಲುಪುತ್ತದೆ, ಆದರೆ ಅದು ಒಳಗೆ ಎಲ್ಲಿದೆ ಎಂಬ ಸುದ್ದಿ ತಲುಪುವುದಿಲ್ಲ. ಈ ಎರಡನೆಯ ಮಾತನ್ನು ನೆನಪಿಡಿ, ಅಂಕ ಕೊಡುವಾಗ ಬೇಕಾಗುತ್ತದೆ.

ಫೈನ್‌ಮನ್‌ಗೆ ಬಂದ ಪತ್ರ

ರಿಚರ್ಡ್ ಫೈನ್‌ಮನ್ 1961ರಿಂದ 1963ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಪಾಠಗಳು ಮೂರು ಸಂಪುಟಗಳಾಗಿ ಬಂದು ಜಗತ್ತಿನಾದ್ಯಂತ ಓದಲ್ಪಟ್ಟವು. ಎರಡನೆಯ ಸಂಪುಟದ ಐದನೆಯ ಅಧ್ಯಾಯದಲ್ಲಿ, ರಕ್ಷಾಕವಚ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎನ್ನುವಾಗ, ಇದೇ ಅರ್ಥಿಂಗ್ ಮಾತು ಬಿಟ್ಟುಹೋಗಿತ್ತು. ಅಮೆರಿಕದ ವರ್ಜೀನಿಯಾದ ಕಾಲೇಜೊಂದರ ವಿದ್ಯಾರ್ಥಿನಿ ಆ ವಾಕ್ಯವನ್ನು ನಂಬಿ ಪರೀಕ್ಷೆಯಲ್ಲಿ ಉತ್ತರ ಬರೆದರು. ಅಧ್ಯಾಪಕರು ಗಾಸ್ ನಿಯಮ ತೋರಿಸಿ ಅಂಕ ಕೊಡಲಿಲ್ಲ. ಆಕೆ ನೇರವಾಗಿ ಫೈನ್‌ಮನ್‌ಗೇ ಬರೆದು ಕೇಳಿದರು.

1975ರಲ್ಲಿ ಫೈನ್‌ಮನ್ ಕೊಟ್ಟ ಉತ್ತರ ಚಿಕ್ಕದು, ನೇರವಾದದ್ದು. ಅಧ್ಯಾಪಕರು ಅಂಕ ಕೊಡದಿದ್ದುದು ಸರಿ, ಏಕೆಂದರೆ ಉತ್ತರ ತಪ್ಪು. ನೀವು ಪುಸ್ತಕವನ್ನು ಸರಿಯಾಗಿಯೇ ಓದಿಕೊಂಡಿದ್ದೀರಿ, ತಪ್ಪಿರುವುದು ಪುಸ್ತಕದಲ್ಲಿ, ಅದು ನನ್ನದು. ಬಹುಶಃ ನನ್ನ ಮನಸ್ಸಿನಲ್ಲಿ ಅರ್ಥಿಂಗ್ ಮಾಡಿದ ಗೋಳವಿತ್ತು. ವಿಜ್ಞಾನದಲ್ಲಿ ನಂಬಬೇಕಾದ್ದು ಎಚ್ಚರದಿಂದ ಕಟ್ಟಿದ ತರ್ಕವನ್ನು, ಹೇಳಿದವರ ಹೆಸರನ್ನಲ್ಲ. ನನ್ನನ್ನು ನಂಬಿದ್ದು ನಿಮ್ಮ ತಪ್ಪೂ ಹೌದು. ಪತ್ರದ ಸಾರಾಂಶ ಇಷ್ಟು. ಆ ವಾಕ್ಯ ಮುಂದಿನ ಆವೃತ್ತಿಗಳಲ್ಲಿ ತಿದ್ದಲ್ಪಟ್ಟಿದೆ.

ಏನು ತಪ್ಪು, ಯಾರದು, ಎಲ್ಲಿಂದ ಬಂದಿರಬಹುದು, ಸರಿಯಾದದ್ದನ್ನು ತಿಳಿಯುವ ದಾರಿ ಯಾವುದು ಎಂಬ ನಾಲ್ಕೂ ಆ ಉತ್ತರದಲ್ಲಿವೆ. ಆದರೆ ಅದು ಒಬ್ಬರಿಗೆ ಬರೆದದ್ದು. ಇಡೀ ತರಗತಿಗೆ ಬರೆಯುವಾಗ ಇನ್ನೂ ಕೆಲವು ಹೊಣೆಗಳು ಸೇರಿಕೊಳ್ಳುತ್ತವೆ.

ಪತ್ರದ ಒಂದು ಮಾದರಿ

ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ಅಸೈನ್‌ಮೆಂಟಿನ ಪ್ರಶ್ನೆ ಹೀಗಿದೆ: ಹೊರ ತ್ರಿಜ್ಯ 20 ಸೆಂಟಿಮೀಟರ್ ಇರುವ, ಅರ್ಥಿಂಗ್ ಇಲ್ಲದ, ಮೊದಲು ಆವೇಶವಿಲ್ಲದ ಲೋಹದ ಟೊಳ್ಳು ಗೋಳದೊಳಗೆ, ಕೇಂದ್ರದಿಂದ 5 ಸೆಂಟಿಮೀಟರ್ ಪಕ್ಕಕ್ಕೆ, 2 ನ್ಯಾನೋಕೂಲಂ ಆವೇಶವಿದೆ. ಅದೇ ಪಕ್ಕದಲ್ಲಿ ಕೇಂದ್ರದಿಂದ 50 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಎಷ್ಟು? ಅರ್ಧ ತರಗತಿ ‘ಸೊನ್ನೆ’ ಎಂದು ಬರೆದಿದೆ. ಒಬ್ಬ ವಿದ್ಯಾರ್ಥಿಯಂತೂ ಮೊದಲು ಸರಿಯಾದ ಉತ್ತರ ಬರೆದು, ಅದನ್ನು ಹೊಡೆದುಹಾಕಿ, ಸೊನ್ನೆ ಬರೆದಿದ್ದಾನೆ. ಹೊಡೆದುಹಾಕಿದ ಸರಿ ಉತ್ತರಕ್ಕಿಂತ ಗಟ್ಟಿಯಾದ ಸುಳಿವು ಬೇರೆ ಬೇಕಿಲ್ಲ. ನೋಟ್ಸ್ ತೆರೆದು ನೋಡಿ, ಪ್ರಾಧ್ಯಾಪಕರೊಂದಿಗೆ ಮಾತಾಡಿ, ಟಿಎ ಹೀಗೆ ಬರೆಯಬಹುದು:

> ಪ್ರಿಯ ವಿದ್ಯಾರ್ಥಿಗಳೇ,
>
> ಸ್ಥಿರವಿದ್ಯುತ್ತಿನ ನೋಟ್ಸ್‌ನಲ್ಲಿ ಮೂರು ತಪ್ಪುಗಳು ಕಂಡುಬಂದಿವೆ. ಮೊದಲನೆಯದು ವಿಷಯದ ಅರ್ಥವನ್ನೇ ಬದಲಿಸುವಂಥದ್ದು, ದಯವಿಟ್ಟು ಅದನ್ನು ಇಂದೇ ಓದಿ. ಮೂರನ್ನೂ ಪ್ರಾಧ್ಯಾಪಕರು ಪರಿಶೀಲಿಸಿ ಒಪ್ಪಿದ್ದಾರೆ.
>
> 1. ಭಾಗ 5.4, ಎರಡನೆಯ ಪ್ಯಾರಾದ ಕೊನೆಯ ವಾಕ್ಯ.
> ಈಗಿರುವುದು: ‘ಮುಚ್ಚಿದ ವಾಹಕದ ಒಳಗಿರುವ ಆವೇಶವು ಹೊರಗೆ ಯಾವ ಕ್ಷೇತ್ರವನ್ನೂ ಉಂಟುಮಾಡಲಾರದು.’
> ಇರಬೇಕಾದ್ದು: ‘ಅರ್ಥಿಂಗ್ ಮಾಡಿದ ಮುಚ್ಚಿದ ವಾಹಕದ ಒಳಗಿರುವ ಆವೇಶವು ಹೊರಗೆ ಯಾವ ಕ್ಷೇತ್ರವನ್ನೂ ಉಂಟುಮಾಡಲಾರದು.’
> ಕಾರಣ: ಅರ್ಥಿಂಗ್ ಇಲ್ಲದಿದ್ದರೆ ಹೊರಮೈ ಮೇಲೆ ಸಮ ಪ್ರಮಾಣದ ಆವೇಶ ಉಳಿಯುತ್ತದೆ. ವಾಹಕವನ್ನು ಸುತ್ತುವರಿದ ಮೇಲ್ಮೈಗೆ ಗಾಸ್ ನಿಯಮ ಹಚ್ಚಿ ನೀವೇ ನೋಡಬಹುದು.
> ಬದಲಾಗದ್ದು: ಅದೇ ಪ್ಯಾರಾದ ಮೊದಲ ವಾಕ್ಯ. ಹೊರಗಿನ ಆವೇಶಕ್ಕೆ ಖಾಲಿ ಟೊಳ್ಳಿನಲ್ಲಿ ಕ್ಷೇತ್ರವಿರದು ಎನ್ನಲು ಅರ್ಥಿಂಗ್ ಬೇಕಿಲ್ಲ.
>
> 2. ಭಾಗ 6.2, ಕೋಆಕ್ಸಿಯಲ್ ಕೇಬಲ್. ಹೊರಗೆ ಕ್ಷೇತ್ರವಿಲ್ಲ ಎಂಬ ತೀರ್ಮಾನ ಸರಿ, ಕೊಟ್ಟ ಕಾರಣ ತಪ್ಪು. ಹೊರಕವಚ ಸುತ್ತುವರಿದಿದೆ ಎಂಬುದಷ್ಟೇ ಸಾಲದು. ಅದರ ಮೇಲೆ ಒಳತಂತಿಯಷ್ಟೇ ಪ್ರಮಾಣದ ವಿರುದ್ಧ ಆವೇಶವಿದೆ ಎಂಬುದು ಕಾರಣ.
>
> 3. ಭಾಗ 5.1, ಮೊದಲ ಕೋಷ್ಟಕ. ε₀ ಮೌಲ್ಯ 8.85 × 10⁻¹¹ ಎಂದಿದೆ, 8.85 × 10⁻¹² ಎಂದಾಗಬೇಕು. ಮುಂದಿನ ಲೆಕ್ಕಗಳಲ್ಲಿ ಸರಿಯಾದ ಬೆಲೆಯನ್ನೇ ಬಳಸಿರುವುದರಿಂದ ಬೇರೆ ಏನೂ ಬದಲಾಗದು.
>
> ಮೂರನೆಯ ಅಸೈನ್‌ಮೆಂಟಿನ ನಾಲ್ಕನೆಯ ಪ್ರಶ್ನೆ: ಸರಿ ಉತ್ತರ 72 ನ್ಯೂಟನ್ ಪ್ರತಿ ಕೂಲಂ. ನೋಟ್ಸ್‌ನ ವಾಕ್ಯವನ್ನು ಆಧರಿಸಿ ಸೊನ್ನೆ ಎಂದವರಿಗೂ ಪೂರ್ಣ ಅಂಕ ಸಿಗುತ್ತದೆ. ಯಾರ ಅಂಕವೂ ಕಡಿಮೆಯಾಗದು. ಅಂತಿಮ ಪರೀಕ್ಷೆಗೆ ತಿದ್ದಿದ ವಾಕ್ಯವೇ ಆಧಾರ.
>
> ಮೂರನೆಯ ತಪ್ಪನ್ನು ಗಮನಿಸಿ ತಿಳಿಸಿದ ವಿದ್ಯಾರ್ಥಿನಿಗೆ ಧನ್ಯವಾದ. ಇನ್ನೇನಾದರೂ ಕಂಡರೆ ಭಾಗದ ಸಂಖ್ಯೆಯೊಂದಿಗೆ ನನಗೆ ಬರೆಯಿರಿ.

ಎಲ್ಲಿ, ಏನು, ಏಕೆ

ಪತ್ರ ಪುಟಸಂಖ್ಯೆ ಕೊಡದೆ ಭಾಗದ ಸಂಖ್ಯೆ ಕೊಟ್ಟಿರುವುದಕ್ಕೆ ಕಾರಣವಿದೆ. ಒಂದು ಸಾಲು ಸೇರಿದರೂ ಪುಟಗಳು ಸರಿಯುತ್ತವೆ. ಮೊಬೈಲಿನಲ್ಲಿ ಓದುವವರು, ಜೆರಾಕ್ಸ್ ಅಂಗಡಿಯಲ್ಲಿ ಎರಡೆರಡು ಪುಟ ಸೇರಿಸಿ ಮುದ್ರಿಸಿಕೊಂಡವರು, ಮೂಲ ಫೈಲ್ ಇರುವವರು ಮೂವರೂ ಒಂದೇ ವಾಕ್ಯಕ್ಕೆ ಬಂದು ಸೇರಬೇಕಾದರೆ ಭಾಗ ಮತ್ತು ಪ್ಯಾರಾ ಹೇಳಬೇಕು.

ಹಳೆಯ ವಾಕ್ಯವನ್ನೂ ಹೊಸದನ್ನೂ ಪೂರ್ತಿಯಾಗಿ ಕೊಡುವುದು ಎರಡನೆಯ ನಿಯಮ. ‘ಅರ್ಥಿಂಗ್ ಮಾಡಿದ ಎಂದು ಸೇರಿಸಿಕೊಳ್ಳಿ’ ಎಂದಷ್ಟೇ ಬರೆದಿದ್ದರೆ ಕೆಲವರು ಅದನ್ನು ಪ್ಯಾರಾದ ಮೊದಲ ವಾಕ್ಯಕ್ಕೆ ಸೇರಿಸುತ್ತಿದ್ದರು, ಇನ್ನು ಕೆಲವರು ಎರಡಕ್ಕೂ. ಆಗ ಹೊರಗಿನಿಂದ ರಕ್ಷಣೆ ಸಿಗಲೂ ಅರ್ಥಿಂಗ್ ಬೇಕು ಎಂಬ ಹೊಸ ತಪ್ಪು ಹುಟ್ಟುತ್ತದೆ. ‘ಬದಲಾಗದ್ದು’ ಎಂಬ ಸಾಲನ್ನು ಬರೆದಿರುವುದು ಇದನ್ನು ತಡೆಯಲೆಂದೇ. ನೋಟ್ಸ್‌ನಲ್ಲಿ ತಪ್ಪಿದೆ ಎಂದು ತಿಳಿದ ಕೂಡಲೇ ವಿದ್ಯಾರ್ಥಿಗೆ ಅಕ್ಕಪಕ್ಕದ ವಾಕ್ಯಗಳ ಮೇಲೂ ಸಂಶಯ ಬರುತ್ತದೆ. ಎಲ್ಲಿಯವರೆಗೆ ಸಂಶಯಪಡಬೇಕು ಎಂಬ ಗಡಿಯನ್ನು ಪತ್ರವೇ ಹಾಕಿಕೊಡಬೇಕು.

ಕಾರಣವನ್ನು ಎರಡೇ ಸಾಲಿನಲ್ಲಾದರೂ ಕೊಡಲೇಬೇಕು. ಕಾರಣವಿಲ್ಲದ ತಿದ್ದುಪಡಿಯನ್ನು ವಿದ್ಯಾರ್ಥಿ ಹಿಂದಿನ ತಪ್ಪನ್ನು ನಂಬಿದಂತೆಯೇ ನಂಬುತ್ತಾನೆ. ಫೈನ್‌ಮನ್ ಹೇಳಿದ ತರ್ಕದ ದಾರಿ ಅವನಿಗೆ ತೆರೆಯುವುದು ‘ಗಾಸ್ ನಿಯಮ ಹಚ್ಚಿ ನೀವೇ ನೋಡಬಹುದು’ ಎಂಬ ಸಾಲಿನಿಂದ.

ಮೂರು ತಪ್ಪುಗಳ ಕ್ರಮವೂ ಗಮನಿಸಬೇಕಾದದ್ದು. ನೋಟ್ಸ್‌ನಲ್ಲಿ ಬರುವ ಕ್ರಮದಲ್ಲಿ ಹೋಗಿದ್ದರೆ ε₀ ಮೌಲ್ಯದ ಅಚ್ಚಿನ ತಪ್ಪು ಮೊದಲು ಬರುತ್ತಿತ್ತು. ಅದನ್ನು ಓದಿ ‘ಓ, ಟೈಪಿಂಗ್ ತಪ್ಪು’ ಎಂದುಕೊಂಡವರು ಪತ್ರವನ್ನು ಅಲ್ಲಿಗೇ ಮುಚ್ಚಿಡುವ ಸಂಭವ ಹೆಚ್ಚು. ಅಚ್ಚಿನ ತಪ್ಪನ್ನು ಯಾವ ಪುಸ್ತಕ ತೆರೆದರೂ ಹಿಡಿಯಬಹುದು. ಷರತ್ತು ಬಿಟ್ಟುಹೋದ ವಾಕ್ಯ ಹಾಗಲ್ಲ, ಅದು ನೋಡಲು ಸರಿಯಾದ ವಾಕ್ಯದಂತೆಯೇ ಇರುತ್ತದೆ. ಆದ್ದರಿಂದ ಅದಕ್ಕೆ ಮೊದಲ ಸ್ಥಾನ.

ತಪ್ಪು ಹರಡಿದ ದಾರಿ ಹಿಡಿದು

ಎರಡನೆಯ ತಿದ್ದುಪಡಿ ಮೊದಲನೆಯದರ ಮಗು. ಭಾಗ 5.4ರ ವಾಕ್ಯ ತಪ್ಪೆಂದು ಗೊತ್ತಾದ ಮೇಲೆ, ಆ ವಾಕ್ಯವನ್ನು ಎಲ್ಲೆಲ್ಲಿ ಬಳಸಿದ್ದೇವೆ ಎಂದು ಟಿಎ ನೋಟ್ಸ್ ಪೂರ್ತಿ ಹುಡುಕಬೇಕು. ಫೈಲಿನಲ್ಲಿ ಪದ ಹುಡುಕಿದರೆ ಸಾಲದು. ಟಿವಿಗೆ ಬರುವ ಕೇಬಲ್ಲಿನಂಥ ಕೋಆಕ್ಸಿಯಲ್ ತಂತಿಯ ವಿವರಣೆಯಲ್ಲಿ ಆ ಪದಗಳೇ ಇಲ್ಲದೆ ಆ ವಿಚಾರ ಮಾತ್ರ ಇರಬಹುದು. ಅಲ್ಲಿ ತೀರ್ಮಾನ ಸರಿಯಾಗಿಯೇ ಇರುವುದರಿಂದ ಯಾವ ಲೆಕ್ಕವೂ ಕೆಡುವುದಿಲ್ಲ, ಯಾರೂ ದೂರುವುದೂ ಇಲ್ಲ. ಆದರೆ ಹೊರಕವಚವನ್ನು ಎಲ್ಲಿಗೂ ಜೋಡಿಸದೆ ಬಿಟ್ಟ ಕೇಬಲ್ ಮುಂದೊಂದು ದಿನ ಪ್ರಯೋಗಾಲಯದಲ್ಲಿ ಎದುರಾದಾಗ, ‘ಸುತ್ತುವರಿದಿದೆಯಲ್ಲ, ಸಾಕು’ ಎಂದು ನಂಬಿದವರು ದಾರಿತಪ್ಪುತ್ತಾರೆ. ತಪ್ಪು ಕಾರಣದ ಮೇಲೆ ನಿಂತ ಸರಿ ಉತ್ತರವನ್ನೂ ತಿದ್ದಲೇಬೇಕು.

ಅಂಕದ ಪ್ರಶ್ನೆ

ಪತ್ರ ತೆರೆದ ಹೆಚ್ಚಿನವರು ಮೊದಲು ಹುಡುಕುವುದು ಇದನ್ನೇ. ಅದರಲ್ಲಿ ತಪ್ಪೇನೂ ಇಲ್ಲ.

ಮೊದಲು ಸರಿ ಉತ್ತರ. ಸೂತ್ರ `E = kq/r²`. ಇಲ್ಲಿ k ಎಂದರೆ 9 × 10⁹, ಆವೇಶ 2 × 10⁻⁹. ಗುಣಿಸಿದರೆ 18. ದೂರ 0.5 ಮೀಟರ್, ಅದರ ವರ್ಗ 0.25. 18ನ್ನು 0.25ರಿಂದ ಭಾಗಿಸಿದರೆ 72. ಒಳಗಿನ ಗುಂಡು ಪಕ್ಕಕ್ಕೆ ಸರಿದಿದ್ದರೂ ದೂರವನ್ನು ಗೋಳದ ಕೇಂದ್ರದಿಂದಲೇ ಅಳೆಯಬೇಕು. ಗುಂಡು ಒಳಗೆ ಎಲ್ಲಿದೆ ಎಂಬ ಸುದ್ದಿ ಹೊರಗೆ ತಲುಪದು ಎಂಬುದನ್ನು ಫ್ಯಾರಡೆಯ ಬಕೆಟ್ಟು ತೋರಿಸಿಕೊಟ್ಟಿದೆ. ಹೊರಮೈಯ ಆವೇಶ ಗೋಳದ ಸುತ್ತ ಸಮನಾಗಿ ಹರಡಿಕೊಂಡಿರುತ್ತದೆ.

ಕೆಲವರು ಗುಂಡಿನಿಂದ ಅಳೆದು 45 ಸೆಂಟಿಮೀಟರ್ ಹಾಕಿ ಸುಮಾರು 88.9 ಎಂದು ಬರೆದಿರುತ್ತಾರೆ. ಪತ್ರ ಬಂದ ಮೇಲೆ ಅವರೂ ಪೂರ್ಣ ಅಂಕ ಕೇಳಬಹುದು. ಆದರೆ ಅವರ ತಪ್ಪಿಗೂ ನೋಟ್ಸ್‌ನ ತಪ್ಪಿಗೂ ಸಂಬಂಧವಿಲ್ಲ. ನೋಟ್ಸ್ ನಂಬಿದವರು ಸೊನ್ನೆ ಬರೆಯುತ್ತಿದ್ದರು. ಯಾವ ತಪ್ಪು ಉತ್ತರ ನೋಟ್ಸ್‌ನಿಂದ ಹುಟ್ಟಿತು, ಯಾವುದು ಹುಟ್ಟಲಿಲ್ಲ ಎಂದು ಹೀಗೆ ಬೇರ್ಪಡಿಸಿದರೆ ಮಾತ್ರ ಅಂಕದ ತೀರ್ಮಾನ ನ್ಯಾಯವಾಗಿರುತ್ತದೆ.

ಫೈನ್‌ಮನ್ ಅಂಕ ಕೊಡದಿದ್ದುದೇ ಸರಿ ಎಂದರು, ಈ ಪತ್ರ ಪೂರ್ಣ ಅಂಕ ಕೊಡುತ್ತಿದೆ. ಎರಡರ ನಡುವೆ ವಿರೋಧವಿಲ್ಲ ಎಂದು ನನಗನಿಸುತ್ತದೆ. ಆ ವಿದ್ಯಾರ್ಥಿನಿ ನಂಬಿದ್ದು ಬೇರೆಯವರ ಪುಸ್ತಕವನ್ನು, ಆಕೆಯ ಅಧ್ಯಾಪಕರು ತಪ್ಪು ಹೇಳಿಕೊಟ್ಟಿರಲಿಲ್ಲ. ಇಲ್ಲಿ ‘ಇದನ್ನೇ ಓದಿ’ ಎಂದು ಹಂಚಿದವರೂ ಅದರ ಮೇಲೆ ಪ್ರಶ್ನೆ ಕೇಳಿದವರೂ ಒಬ್ಬರೇ. ತಾನು ಕಲಿಸಿದ್ದಕ್ಕೆ ತರಗತಿಯೇ ಶಿಕ್ಷೆ ಕೊಡಬಾರದು. ಪತ್ರ ಕೈಸೇರಿದ ಮೇಲೆ ಆ ವಿನಾಯಿತಿ ಮುಗಿಯುತ್ತದೆ. ಅಂತಿಮ ಪರೀಕ್ಷೆಯ ಮಾತನ್ನು ಅದೇ ಪತ್ರದಲ್ಲಿ ಹೇಳಿರುವುದು ಅದಕ್ಕಾಗಿ.

ತಿದ್ದುಪಡಿಯೂ ತಪ್ಪಬಹುದು

ವಿದ್ಯಾರ್ಥಿಗಳು ತಪ್ಪೆಂದು ತಿಳಿಸುವುದೆಲ್ಲ ತಪ್ಪಾಗಿರುವುದಿಲ್ಲ. ಒಂದು ಪುಸ್ತಕ k ಎಂದು ಬರೆದದ್ದನ್ನು ಇನ್ನೊಂದು 1/4πε₀ ಎಂದು ಬರೆಯುತ್ತದೆ, ಎರಡೂ ಒಂದೇ. ಇಂಥದ್ದನ್ನು ತಿದ್ದುಪಡಿ ಪಟ್ಟಿಗೆ ಸೇರಿಸಿದರೆ ಸರಿಯಿದ್ದದ್ದೇ ಗೊಂದಲವಾಗುತ್ತದೆ. ಆದ್ದರಿಂದ ಕಳಿಸುವ ಮೊದಲು ಟಿಎ ಪ್ರತಿ ತಿದ್ದುಪಡಿಯನ್ನೂ ನೋಟ್ಸ್ ಬದಿಗಿಟ್ಟು ಬೇರೆ ದಾರಿಯಿಂದ ಬಿಡಿಸಿ ನೋಡಬೇಕು, ಪ್ರಾಧ್ಯಾಪಕರ ಒಪ್ಪಿಗೆ ಪಡೆಯಬೇಕು. ಒಂದೇ ವಾಕ್ಯಕ್ಕೆ ವಾರದಲ್ಲಿ ಎರಡು ತಿದ್ದುಪಡಿ ಬಂದರೆ ಮೂರನೆಯದನ್ನು ಯಾರೂ ಓದುವುದಿಲ್ಲ.

ತಪ್ಪು ಹಿಡಿದವರಿಗೆ ಕೃತಜ್ಞತೆ ಹೇಳುವುದರಿಂದ ಕೆಲಸಕ್ಕೂ ಪ್ರಯೋಜನವಿದೆ. ಗಣಕ ವಿಜ್ಞಾನಿ ಡೊನಾಲ್ಡ್ ನೂತ್ ತಮ್ಮ ಪುಸ್ತಕಗಳಲ್ಲಿ ಹೊಸ ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. 2008ರಿಂದ ಅದರ ಬದಲು ಪ್ರಮಾಣಪತ್ರ ಕೊಡುತ್ತಿದ್ದಾರೆ. ಹಣ ಸಣ್ಣದಾದರೂ ಜಗತ್ತಿನ ಓದುಗರು ಅವರ ಪುಸ್ತಕಗಳನ್ನು ಸಾಲುಸಾಲಾಗಿ ಪರೀಕ್ಷಿಸಿದರು. ತರಗತಿಯ ಪತ್ರದಲ್ಲಿ ಚೆಕ್ ಬೇಡ, ಒಂದು ಸಾಲಿನ ಧನ್ಯವಾದ ಸಾಕು. ಹೆಸರು ಹಾಕುವ ಮೊದಲು ಕೇಳಿಕೊಳ್ಳಬೇಕು, ಎಲ್ಲರೆದುರು ಹೆಸರು ಬರುವುದು ಎಲ್ಲರಿಗೂ ಇಷ್ಟವಾಗದು.

ಹಳೆಯ ಪ್ರತಿಗಳು

ನೋಟ್ಸ್ ಒಂದು ಸೆಮಿಸ್ಟರಿಗೆ ಮುಗಿಯುವುದಿಲ್ಲ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಜೆರಾಕ್ಸ್ ಆಗಿ, ಫೈಲ್ ಆಗಿ ದಾಟುತ್ತದೆ. ತಿದ್ದುಪಡಿಯ ಪತ್ರ ಮಾತ್ರ ಆ ವರ್ಷದ ತರಗತಿಯಲ್ಲೇ ಉಳಿದುಬಿಡುತ್ತದೆ. ಎರಡನ್ನೂ ಒಟ್ಟಿಗಿಡುವ ಉಪಾಯ ಸರಳ. ತಿದ್ದಿದ ಫೈಲಿನ ಮೊದಲ ಪುಟದಲ್ಲೇ ತಿದ್ದುಪಡಿಗಳ ಪಟ್ಟಿ ಮತ್ತು ದಿನಾಂಕ ಇರಬೇಕು. ಪ್ರತಿ ಪುಟದ ತಲೆಯಲ್ಲೂ ಅದೇ ದಿನಾಂಕ ಮುದ್ರಿತವಾಗಬೇಕು. ಮಧ್ಯದ ನಾಲ್ಕೇ ಹಾಳೆ ಜೆರಾಕ್ಸ್ ಮಾಡಿಸಿಕೊಂಡವರಿಗೂ ತಮ್ಮ ಕೈಯಲ್ಲಿರುವುದು ಯಾವ ಪ್ರತಿ ಎಂದು ಆಗ ತಿಳಿಯುತ್ತದೆ. ಹಳೆಯ ಫೈಲನ್ನು ಸದ್ದಿಲ್ಲದೆ ಬದಲಿಸಿಬಿಟ್ಟರೆ ಒಂದೇ ಹೆಸರಿನ ಎರಡು ನೋಟ್ಸ್ ಓಡಾಡತೊಡಗುತ್ತವೆ. ಇಬ್ಬರು ಗೆಳೆಯರು ಒಂದೇ ಪುಟ ತೆರೆದು ಎರಡು ಬೇರೆ ವಾಕ್ಯ ಓದಿ ಜಗಳವಾಡುತ್ತಾರೆ.

ಪತ್ರ ಪಡೆದ ವಿದ್ಯಾರ್ಥಿಯ ಪಾಲಿನ ಕೆಲಸವೂ ಒಂದಿದೆ. ತನ್ನ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಂಡು ನಿಲ್ಲಬಾರದು. ಆ ಗೋಳದ ಲೆಕ್ಕವನ್ನು ಎರಡು ಸಲ ಬಿಡಿಸಬೇಕು, ಒಮ್ಮೆ ಅರ್ಥಿಂಗ್ ತಂತಿ ಇಲ್ಲದೆ, ಒಮ್ಮೆ ಇಟ್ಟು. ಮೊದಲ ಸಲ 72, ಎರಡನೆಯ ಸಲ ಸೊನ್ನೆ ಬಂದು, ನಡುವೆ ಹೊರಮೈಯ ಆವೇಶ ಎಲ್ಲಿಗೆ ಹೋಯಿತು ಎಂದು ಪತ್ರ ನೋಡದೆ ಪಕ್ಕದವರಿಗೆ ವಿವರಿಸಲು ಸಾಧ್ಯವಾದರೆ ತಿದ್ದುಪಡಿ ನಿಜವಾಗಿ ಮುಟ್ಟಿದೆ ಎಂದರ್ಥ.